ಹದಿನಾಲ್ಕು ಅಂಕದ ಅಂತಿಮ ಲೆಕ್ಕ

ಕಂಪನಿಯ ಅಂತಿಮ ಲೆಕ್ಕಪತ್ರ ಎಂದರೆ ಮುಖ್ಯವಾಗಿ ಎರಡು ಪತ್ರಗಳು. ವರ್ಷದ ಗಳಿಕೆ ಮತ್ತು ಖರ್ಚನ್ನು ಹೇಳುವ ಲಾಭ-ನಷ್ಟದ ತಃಖ್ತೆ ಒಂದು. ವರ್ಷದ ಕೊನೆಯ ದಿನ ಕಂಪನಿಯ ಬಳಿ ಏನಿತ್ತು, ಅದು ಯಾರಿಗೆ ಎಷ್ಟು ಕೊಡಬೇಕಿತ್ತು ಎಂದು ತೋರಿಸುವ ಅಢಾವೆ ಪತ್ರ, ಅಂದರೆ ಬ್ಯಾಲೆನ್ಸ್ ಶೀಟ್, ಇನ್ನೊಂದು. ಭಾರತದಲ್ಲಿ ಇವೆರಡರ ನಮೂನೆಯನ್ನು 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿ, ಎಲ್ಲರ ಬಾಯಲ್ಲಿ ಷೆಡ್ಯೂಲ್ ತ್ರೀ, ನಿಗದಿಪಡಿಸಿದೆ. ಸಿ.ಎ. ಇಂಟರ್‌ಮೀಡಿಯಟ್ ಪರೀಕ್ಷೆಯ ಮೊದಲ ಪತ್ರಿಕೆಯಾದ ಅಡ್ವಾನ್ಸ್ಡ್ ಅಕೌಂಟಿಂಗ್‌ನಲ್ಲಿ ಈ ನಮೂನೆಯನ್ನು ತುಂಬಿಸುವುದು ಒಂದು ಮುಖ್ಯ ಅಧ್ಯಾಯ.

ಈ ಪತ್ರಿಕೆಗೆ 100 ಅಂಕ, ಮೂರು ಗಂಟೆ. ಅದರಲ್ಲಿ 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ ಹೋದರೆ ಉಳಿದ 70 ಅಂಕಕ್ಕೆ ಬರೆದು ಉತ್ತರಿಸಬೇಕು. ಪ್ರತಿ ಪ್ರಶ್ನೆಗೂ 14 ಅಂಕ. ಮೂರು ಗಂಟೆಯನ್ನು ಅಂಕಗಳಿಗೆ ಹಂಚಿದರೆ 14 ಅಂಕದ ಲೆಕ್ಕಕ್ಕೆ ಸಿಗುವುದು ಸುಮಾರು 25 ನಿಮಿಷ. ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯ ಬೋರ್ಡ್ ಆಫ್ ಸ್ಟಡೀಸ್ ಪರೀಕ್ಷೆಗೆ ಮೊದಲು ಅಣಕು ಪತ್ರಿಕೆಗಳನ್ನೂ ಅವುಗಳ ಉತ್ತರಗಳನ್ನೂ ಹೊರತರುತ್ತದೆ. ಆದರೆ ಉತ್ತರವನ್ನು ನೋಡಿ ‘ಮೊತ್ತ ಹೊಂದಿತು, ಸರಿಯಾಯಿತು’ ಎಂದು ಟಿಕ್ ಹಾಕಿಕೊಳ್ಳುವುದು ಬೇರೆ, ಮೌಲ್ಯಮಾಪಕರ ಕಣ್ಣಿನಿಂದ ಸಾಲುಸಾಲಾಗಿ ಅಂಕ ಹಾಕುವುದು ಬೇರೆ. ಎರಡರ ನಡುವಿನ ಅಂತರವನ್ನು ಕಾಣಲು ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಿ, ಅದಕ್ಕೆ ಅಂಕ ಹಂಚಿ ನೋಡಬೇಕು.

ಪ್ರಶ್ನೆ ಹೀಗಿದೆ. ಎಕ್ಸ್ ಲಿಮಿಟೆಡ್ ಸ್ವಂತ ಶೈತ್ಯಾಗಾರ ಇಟ್ಟುಕೊಂಡು ಸಗಟು ವ್ಯಾಪಾರ ಮಾಡುವ ಕಂಪನಿ. 2025ರ ಮಾರ್ಚ್ 31ರಂದು ಅದರ ತಾಳೆ ಪಟ್ಟಿ ಈ ಕೆಳಗಿನಂತಿದೆ. ಎಲ್ಲ ಮೊತ್ತವೂ ಲಕ್ಷ ರೂಪಾಯಿಗಳಲ್ಲಿ.

| ಖರ್ಚಿನ ಬದಿ | ಮೊತ್ತ | ಜಮಾ ಬದಿ | ಮೊತ್ತ |
|---|---|---|---|
| ಜಮೀನು | 300 | ಷೇರು ಬಂಡವಾಳ (ತಲಾ 10 ರೂ.) | 500 |
| ಯಂತ್ರೋಪಕರಣ, ಕೊಂಡ ಬೆಲೆ | 500 | ಸಾಮಾನ್ಯ ಮೀಸಲು ನಿಧಿ | 50 |
| ಆರಂಭದ ದಾಸ್ತಾನು | 90 | ಹಿಂದಿನ ಲಾಭದ ಉಳಿಕೆ | 60 |
| ಖರೀದಿ | 700 | ಯಂತ್ರಗಳ ಸಂಚಿತ ಸವಕಳಿ | 150 |
| ಸಂಬಳ | 140 | ಶೇ. 12ರ ಬ್ಯಾಂಕ್ ಅವಧಿ ಸಾಲ | 200 |
| ಇತರ ಖರ್ಚು | 55 | ಸರಕು ಕೊಟ್ಟವರಿಗೆ ಕೊಡಬೇಕಾದ್ದು | 95 |
| ಕಟ್ಟಿದ ಬಡ್ಡಿ | 18 | ಮಾರಾಟ | 1,050 |
| ಗಿರಾಕಿಗಳಿಂದ ಬರಬೇಕಾದ್ದು | 160 | | |
| ಮುಂಗಡ ಆದಾಯ ತೆರಿಗೆ | 20 | | |
| ವಿದ್ಯುತ್ ಕಂಪನಿಯಲ್ಲಿ ಇಟ್ಟ ಠೇವಣಿ | 12 | | |
| ಬ್ಯಾಂಕಿನಲ್ಲಿರುವ ಹಣ | 105 | | |
| ಷೇರುದಾರರಿಂದ ಬರದ ಕರೆ ಹಣ | 5 | | |
| ಒಟ್ಟು | 2,105 | ಒಟ್ಟು | 2,105 |

ಇದರ ಜೊತೆಗೆ ಕೊಟ್ಟಿರುವ ಮಾಹಿತಿ ಇಷ್ಟು. ವರ್ಷಾಂತ್ಯದ ದಾಸ್ತಾನಿನ ಕೊಂಡ ಬೆಲೆ 110 ಲಕ್ಷ. ಅದರಲ್ಲಿ 20 ಲಕ್ಷಕ್ಕೆ ಕೊಂಡ ಸರಕು ಹಾಳಾಗಿದ್ದು, ಮಾರಾಟದ ಖರ್ಚು ಕಳೆದರೆ 14 ಲಕ್ಷ ಮಾತ್ರ ಸಿಗುತ್ತದೆ. ಉಳಿದ ಸರಕಿಗೆ 120 ಲಕ್ಷ ಸಿಗುತ್ತದೆ. ಯಂತ್ರಗಳ ಉಳಿದ ಪುಸ್ತಕ ಬೆಲೆಯ ಮೇಲೆ ಶೇ. 10 ಸವಕಳಿ ಹಾಕಬೇಕು. ಬ್ಯಾಂಕ್ ಸಾಲ ವರ್ಷವಿಡೀ ಅಷ್ಟೇ ಇತ್ತು. ಅದರಲ್ಲಿ 40 ಲಕ್ಷದ ಕಂತನ್ನು 2025ರ ಡಿಸೆಂಬರ್‌ನಲ್ಲಿ ಕಟ್ಟಬೇಕು. ಬಹುಕಾಲದಿಂದ ಬಾಕಿ ಉಳಿಸಿಕೊಂಡಿದ್ದ ಗಿರಾಕಿಯೊಬ್ಬ ಏಪ್ರಿಲ್ 20ರಂದು ದಿವಾಳಿಯೆಂದು ಘೋಷಿತನಾದ. ಅವನಿಂದ ಬರಬೇಕಿದ್ದ 10 ಲಕ್ಷದಲ್ಲಿ ಏನೂ ಬರುವುದಿಲ್ಲ. ಮೇ 25ರಂದು ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಟ್ಟ ಆಡಳಿತ ಮಂಡಳಿ, ಸಂದಾಯವಾದ ಬಂಡವಾಳದ ಮೇಲೆ ಶೇ. 10 ಲಾಭಾಂಶವನ್ನು ಶಿಫಾರಸು ಮಾಡಿತು. ತೆರಿಗೆ ಶೇ. 25, ಮುಂದೂಡಿದ ತೆರಿಗೆಯ ಲೆಕ್ಕವೂ ಷೇರೊಂದರ ಗಳಿಕೆಯ ಲೆಕ್ಕವೂ ಬೇಡ. ಲಾಭ-ನಷ್ಟದ ತಃಖ್ತೆ ಮತ್ತು ಅಢಾವೆ ಪತ್ರವನ್ನು ತಯಾರಿಸಿ.

ಷೇರೊಂದರ ಗಳಿಕೆಯನ್ನು ಬೇಡವೆಂದು ಹೇಳಿರುವುದಕ್ಕೆ ಕಾರಣವಿದೆ. ಷೆಡ್ಯೂಲ್ ತ್ರೀ ಅದನ್ನು ಕೇಳುತ್ತದೆ, ನಿಜ. ಆದರೆ ಕೆಲವು ಷೇರುಗಳ ಹಣ ಪೂರ್ತಿ ಬಂದಿಲ್ಲದಿರುವಾಗ ಅದರ ಲೆಕ್ಕ ಬೇರೆಯೇ ದಾರಿ ಹಿಡಿಯುತ್ತದೆ. ಹೊಂದಾಣಿಕೆಗಳನ್ನು ಪರೀಕ್ಷಿಸಲು ಹೊರಟ ಪ್ರಶ್ನೆಗೆ ಅದನ್ನೂ ತುರುಕಿದರೆ 25 ನಿಮಿಷ ಸಾಲದು. ಒಳ್ಳೆಯ ಅಣಕು ಪ್ರಶ್ನೆಯಲ್ಲಿ ಒಂದೊಂದು ಹೊಂದಾಣಿಕೆಯೂ ಒಂದೊಂದು ತತ್ವವನ್ನು ಮಾತ್ರ ಕೇಳುತ್ತದೆ. ಹಾಗಿದ್ದಾಗಲೇ ಅಭ್ಯರ್ಥಿ ಎಡವಿದ್ದು ಎಲ್ಲಿ ಎಂಬುದು ಅಂಕದಲ್ಲಿ ಕಾಣುತ್ತದೆ.

ಲೆಕ್ಕ ಬಿಡಿಸುವಾಗ ಮೊದಲು ಕೈಗೆ ಬರುವುದು ದಾಸ್ತಾನು. ಎರಡನೆಯ ಲೆಕ್ಕಪತ್ರ ಮಾನದಂಡ, ಅಂದರೆ ಎ.ಎಸ್. 2, ಕೊಂಡ ಬೆಲೆ ಮತ್ತು ಕೈಗೆ ಸಿಗುವ ಬೆಲೆಗಳಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು ಎನ್ನುತ್ತದೆ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಹೋಲಿಕೆ ಮಾಡಬೇಕಾದದ್ದು ಸಾಮಾನ್ಯವಾಗಿ ಸರಕು ಸರಕಿಗೆ, ಇಡೀ ದಾಸ್ತಾನಿಗೆ ಅಲ್ಲ. ಒಟ್ಟಾಗಿ ನೋಡಿದರೆ ಸಿಗುವ ಬೆಲೆ 134 ಲಕ್ಷ, ಕೊಂಡ ಬೆಲೆ 110 ಲಕ್ಷ. ಆದ್ದರಿಂದ 110 ಎಂದು ಬರೆದುಬಿಡುವ ಆಸೆ ಹುಟ್ಟುತ್ತದೆ. 120 ಎಂಬ ಅಂಕಿಯನ್ನು ಪ್ರಶ್ನೆಯಲ್ಲಿ ಇಟ್ಟಿರುವುದೇ ಇದಕ್ಕಾಗಿ. ಒಳ್ಳೆಯ ಸರಕಿನಲ್ಲಿ ಮುಂದೆ ಬರಬಹುದಾದ ಲಾಭದಿಂದ ಹಾಳಾದ ಸರಕಿನಲ್ಲಿ ಈಗಾಗಲೇ ಆಗಿರುವ ನಷ್ಟವನ್ನು ಮುಚ್ಚಿಹಾಕುವಂತಿಲ್ಲ. ಒಳ್ಳೆಯ ಸರಕು 90, ಹಾಳಾದದ್ದು 14, ಒಟ್ಟು 104 ಲಕ್ಷ. ಆರಂಭದ ದಾಸ್ತಾನು 90 ಇದ್ದುದರಿಂದ ದಾಸ್ತಾನಿನಲ್ಲಿ ಆದ ಏರಿಕೆ 14 ಲಕ್ಷ. ಅದು ಖರ್ಚಿನಿಂದ ಕಳೆಯುವ ಮೊತ್ತವಾಗಿ ಲಾಭ-ನಷ್ಟದ ತಃಖ್ತೆಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಬರುತ್ತದೆ.

ಬಡ್ಡಿ ಸುಲಭ. 200 ಲಕ್ಷಕ್ಕೆ ಶೇ. 12ರಂತೆ ವರ್ಷಕ್ಕೆ 24 ಲಕ್ಷ. ಕಟ್ಟಿದ್ದು 18, ಬಾಕಿ 6. ಲಾಭ-ನಷ್ಟದ ತಃಖ್ತೆಗೆ ಪೂರ್ತಿ 24, ಅಢಾವೆ ಪತ್ರದ ಇತರ ಚಾಲ್ತಿ ಹೊಣೆಗಳಿಗೆ 6. ಸವಕಳಿಯೂ ಅಷ್ಟೇ: 500ರಲ್ಲಿ 150 ಕಳೆದು ಉಳಿದ 350ಕ್ಕೆ 35 ಲಕ್ಷ.

ಮುಂದಿನ ಎರಡು ಹೊಂದಾಣಿಕೆಗಳನ್ನು ಜೊತೆಯಾಗಿಯೇ ನೋಡಬೇಕು. ಗಿರಾಕಿ ದಿವಾಳಿಯಾದದ್ದೂ ಲಾಭಾಂಶದ ಶಿಫಾರಸೂ ಮಾರ್ಚ್ 31 ಕಳೆದ ಮೇಲೆಯೇ ನಡೆದವು. ಆದರೆ ಒಂದು ಲೆಕ್ಕದೊಳಗೆ ಬರುತ್ತದೆ, ಇನ್ನೊಂದು ಬರುವುದಿಲ್ಲ. ನಾಲ್ಕನೆಯ ಮಾನದಂಡ, ಎ.ಎಸ್. 4, ಇಲ್ಲಿ ಕೇಳುವ ಪ್ರಶ್ನೆ ಒಂದೇ: ಆ ಸ್ಥಿತಿ ಮಾರ್ಚ್ 31ರಂದೇ ಇತ್ತೇ? ಗಿರಾಕಿ ಬಹುಕಾಲದಿಂದ ಹಣ ಕೊಟ್ಟಿರಲಿಲ್ಲ. ಅವನ ಕೈ ಆಗಲೇ ಬರಿದಾಗಿತ್ತು. ಏಪ್ರಿಲ್ 20ರ ಘೋಷಣೆ ಅದನ್ನು ಖಚಿತಪಡಿಸಿತು, ಅಷ್ಟೆ. ಆದ್ದರಿಂದ 10 ಲಕ್ಷವನ್ನು ಇದೇ ವರ್ಷದ ವಸೂಲಾಗದ ಸಾಲವೆಂದು ತೆಗೆದುಹಾಕಬೇಕು. ಅದೇ ಏಪ್ರಿಲ್ 20ರಂದು ಗೋದಾಮಿಗೆ ಬೆಂಕಿ ಬಿದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಮಾರ್ಚ್ 31ರಂದು ಸರಕು ಸುರಕ್ಷಿತವಾಗಿಯೇ ಇತ್ತು. ಆ ನಷ್ಟ ಮುಂದಿನ ವರ್ಷದ್ದು.

ಲಾಭಾಂಶದ ವಿಚಾರದಲ್ಲಿ ಹಳೆಯ ಪುಸ್ತಕಗಳು ದಾರಿ ತಪ್ಪಿಸುತ್ತವೆ. ಒಂದು ಕಾಲದಲ್ಲಿ ಶಿಫಾರಸಾದ ಲಾಭಾಂಶಕ್ಕೆ ಅದೇ ವರ್ಷದ ಲೆಕ್ಕದಲ್ಲಿ ಹಣ ತೆಗೆದಿಡುವುದೇ ಪದ್ಧತಿಯಾಗಿತ್ತು. 2016ರಲ್ಲಿ ಎ.ಎಸ್. 4 ತಿದ್ದುಪಡಿಯಾಯಿತು. ವರ್ಷ ಮುಗಿದ ಮೇಲೆ ಘೋಷಿಸಿದ ಲಾಭಾಂಶ ಮಾರ್ಚ್ 31ರಂದು ಹೊಣೆಯೇ ಆಗಿರಲಿಲ್ಲ ಎಂಬುದು ಈಗಿನ ನಿಲುವು. ಷೇರುದಾರರ ವಾರ್ಷಿಕ ಸಭೆ ಒಪ್ಪುವವರೆಗೆ ಮಂಡಳಿಯ ಶಿಫಾರಸು ಶಿಫಾರಸಾಗಿಯೇ ಉಳಿಯುತ್ತದೆ. ಹಾಗಾಗಿ ಸಂದಾಯವಾದ 495 ಲಕ್ಷದ ಮೇಲಿನ 49.5 ಲಕ್ಷವನ್ನು ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು. ಇದರ ಬೆನ್ನಿಗೇ ಲಾಭಾಂಶ ವಿತರಣೆ ತೆರಿಗೆಯನ್ನೂ ಲೆಕ್ಕ ಹಾಕುವವರಿದ್ದಾರೆ. 2020ರ ಏಪ್ರಿಲ್‌ನಿಂದ ಆ ತೆರಿಗೆಯೇ ಇಲ್ಲ.

ಲಾಭದ ಲೆಕ್ಕ ಈಗ ಹೀಗೆ ನಿಲ್ಲುತ್ತದೆ. ಮಾರಾಟ 1,050. ಖರ್ಚಿನಲ್ಲಿ ಖರೀದಿ 700, ಅದರಿಂದ ದಾಸ್ತಾನಿನ ಏರಿಕೆ 14 ಕಳೆದು 686, ಸಂಬಳ 140, ಬಡ್ಡಿ 24, ಸವಕಳಿ 35, ಇತರ ಖರ್ಚು 55ಕ್ಕೆ ವಸೂಲಾಗದ ಸಾಲ 10 ಸೇರಿ 65. ಒಟ್ಟು 950. ತೆರಿಗೆಗೆ ಮುಂಚಿನ ಲಾಭ 100, ತೆರಿಗೆ 25, ಉಳಿದ ಲಾಭ 75 ಲಕ್ಷ.

ಅಢಾವೆ ಪತ್ರದಲ್ಲಿ ಜಾಗ ಗುರುತಿಸುವುದೇ ದೊಡ್ಡ ಕೆಲಸ. ಬರದ ಕರೆ ಹಣ 5 ಲಕ್ಷ ತಾಳೆ ಪಟ್ಟಿಯಲ್ಲಿ ಖರ್ಚಿನ ಬದಿಯಲ್ಲಿದೆಯೆಂದು ಅದನ್ನು ಆಸ್ತಿಯ ಕಡೆ ಬರೆಯುವಂತಿಲ್ಲ. ಬಂಡವಾಳದಿಂದಲೇ ಕಳೆದು 495 ಎಂದು ತೋರಿಸಬೇಕು. ಮೀಸಲು ಮತ್ತು ಉಳಿಕೆಯಲ್ಲಿ 50, ಹಿಂದಿನ 60, ಈ ವರ್ಷದ 75 ಸೇರಿ 185. ಬ್ಯಾಂಕ್ ಸಾಲ ಎರಡಾಗಿ ಒಡೆಯುತ್ತದೆ: ಹನ್ನೆರಡು ತಿಂಗಳೊಳಗೆ ಕಟ್ಟಬೇಕಾದ 40 ಒಂದು ಕಡೆ, ಉಳಿದ 160 ದೀರ್ಘಾವಧಿ ಸಾಲದಲ್ಲಿ. ಆ 40ರ ಜಾಗವೂ ಬದಲಾಗಿದೆ. ಮೊದಲು ಅದು ಇತರ ಚಾಲ್ತಿ ಹೊಣೆಗಳಲ್ಲಿ ಕೂರುತ್ತಿತ್ತು. 2021ರ ಮಾರ್ಚ್ 24ರ ಅಧಿಸೂಚನೆಯ ನಂತರ ಅಲ್ಪಾವಧಿ ಸಾಲದಡಿ ಪ್ರತ್ಯೇಕವಾಗಿ ತೋರಿಸಬೇಕಾಗಿದೆ. ವಿದ್ಯುತ್ ಠೇವಣಿಯೂ ಅದೇ ತಿದ್ದುಪಡಿಯಲ್ಲಿ ದೀರ್ಘಾವಧಿ ಸಾಲ ಮತ್ತು ಮುಂಗಡಗಳಿಂದ ಎದ್ದು ಇತರ ಚಾಲ್ತಿಯಲ್ಲದ ಆಸ್ತಿಗಳಿಗೆ ಹೋಯಿತು. ಹೀಗಾಗಿ 2021ಕ್ಕಿಂತ ಹಿಂದಿನ ಅಣಕು ಪತ್ರಿಕೆಯ ಲೆಕ್ಕ ಸರಿಯಿದ್ದರೂ ಅದರ ಉತ್ತರ ಈಗ ಹಲವು ಕಡೆ ತಪ್ಪಾಗಿರಬಹುದು. ಹಳೆಯ ಪತ್ರಿಕೆಯನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುವವರು ಇಸವಿಯನ್ನು ಮೊದಲು ನೋಡಬೇಕು.

ಉಳಿದದ್ದು ನೇರ. ಸರಕು ಕೊಟ್ಟವರಿಗೆ 95, ಬಾಕಿ ಬಡ್ಡಿ 6, ತೆರಿಗೆ 25ರಲ್ಲಿ ಮುಂಗಡ 20 ಕಳೆದು 5. ಎಲ್ಲ ಕೂಡಿದರೆ 986. ಆಸ್ತಿಯ ಕಡೆ ಜಮೀನು 300 ಮತ್ತು ಯಂತ್ರಗಳು 315 ಸೇರಿ 615, ಠೇವಣಿ 12, ದಾಸ್ತಾನು 104, ಗಿರಾಕಿಗಳಿಂದ 150, ಬ್ಯಾಂಕಿನಲ್ಲಿ 105. ಅದೂ 986.

ಈಗ ಅಂಕಗಳ ಹಂಚಿಕೆ.

| ಹಂತ | ಅಂಕ |
|---|---|
| ಮಾರಾಟ ಮತ್ತು ಖರೀದಿ | ½ |
| ದಾಸ್ತಾನಿನ ಬದಲಾವಣೆ, ವರ್ಕಿಂಗ್ ನೋಟ್ ಸಹಿತ | 1 |
| ಸಂಬಳ | ½ |
| ಬಡ್ಡಿ, ವರ್ಕಿಂಗ್ ನೋಟ್ ಸಹಿತ | 1 |
| ಸವಕಳಿ | ½ |
| ಇತರ ಖರ್ಚು ಮತ್ತು ವಸೂಲಾಗದ ಸಾಲ | 1 |
| ತೆರಿಗೆ ಮತ್ತು ಉಳಿದ ಲಾಭ | ½ |
| ಷೇರು ಬಂಡವಾಳ, ಬರದ ಹಣ ಕಳೆದು | 1 |
| ಮೀಸಲು ಮತ್ತು ಉಳಿಕೆ | 1 |
| ಬ್ಯಾಂಕ್ ಸಾಲ: ದೀರ್ಘಾವಧಿ ½, ಈ ವರ್ಷದ ಕಂತು 1 | 1½ |
| ಬಾಕಿ ಬಡ್ಡಿ | ½ |
| ತೆರಿಗೆಗೆ ತೆಗೆದಿಟ್ಟದ್ದು | ½ |
| ಜಮೀನು ಮತ್ತು ಯಂತ್ರಗಳು | 1 |
| ವಿದ್ಯುತ್ ಠೇವಣಿ | ½ |
| ಕೊಡಬೇಕಾದ್ದು, ಬರಬೇಕಾದ್ದು, ದಾಸ್ತಾನು, ಬ್ಯಾಂಕ್ | 1 |
| ಲಾಭಾಂಶದ ಟಿಪ್ಪಣಿ, ಹಣ ತೆಗೆದಿಡದೆ | 1 |
| ನಮೂನೆ, ಶೀರ್ಷಿಕೆ, ಟಿಪ್ಪಣಿ ಸಂಖ್ಯೆ | 1 |
| ಒಟ್ಟು | 14 |

‘ಅಢಾವೆ ಪತ್ರ ತಾಳೆಯಾದದ್ದಕ್ಕೆ’ ಎಂಬ ಸಾಲು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅದು ಬೇಕೆಂದೇ ಬಿಟ್ಟದ್ದು. ಇದರ ಜೊತೆಗೆ ಒಂದು ನಿಯಮವೂ ಇದೆ: ಒಂದು ತಪ್ಪಿಗೆ ಒಂದೇ ಸಲ ಅಂಕ ಕಳೆಯಬೇಕು. ತಪ್ಪಿದ ಅಂಕಿಯನ್ನು ಮುಂದಿನ ಹಂತಗಳಲ್ಲಿ ಸರಿಯಾದ ಕ್ರಮದಲ್ಲಿ ಬಳಸಿದ್ದರೆ ಆ ಹಂತಗಳ ಅಂಕ ಕೊಡಲೇಬೇಕು.

ಮೂರು ಉತ್ತರ ಪತ್ರಿಕೆಗಳನ್ನು ಊಹಿಸಿಕೊಂಡರೆ ಈ ಹಂಚಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ. ಮೊದಲನೆಯ ಅಭ್ಯರ್ಥಿ ದಾಸ್ತಾನನ್ನು 110 ಎಂದೇ ಹಿಡಿದ. ಉಳಿದದ್ದೆಲ್ಲ ಸರಿ. ಅವನ ತೆರಿಗೆಗೆ ಮುಂಚಿನ ಲಾಭ 106, ತೆರಿಗೆ 26.5, ಉಳಿದ ಲಾಭ 79.5, ಮೀಸಲು 189.5, ತೆರಿಗೆಯ ಬಾಕಿ 6.5, ಎರಡೂ ಬದಿಯ ಮೊತ್ತ 992. ಮಾದರಿ ಉತ್ತರದ ಪಕ್ಕದಲ್ಲಿಟ್ಟರೆ ದಾಸ್ತಾನು, ಲಾಭ, ತೆರಿಗೆ, ಮೀಸಲು, ಒಟ್ಟು ಮೊತ್ತ ಎಲ್ಲವೂ ಬೇರೆ. ತನಗೆ ತಾನೇ ಅಂಕ ಹಾಕಿಕೊಳ್ಳುವವನು ಇದನ್ನು ಕಂಡು ಇಡೀ ಲೆಕ್ಕಕ್ಕೆ ಗೆರೆ ಎಳೆದುಬಿಡುತ್ತಾನೆ. ಹಂತಹಂತವಾಗಿ ನೋಡಿದರೆ ತಪ್ಪು ಒಂದೇ, ಕಳೆಯಬೇಕಾದದ್ದು 1 ಅಂಕ. ಅವನಿಗೆ 13.

ಎರಡನೆಯ ಅಭ್ಯರ್ಥಿ ಬಡ್ಡಿ 24 ಎಂದು ಲಾಭದ ಲೆಕ್ಕಕ್ಕೆ ಸರಿಯಾಗಿ ತೆಗೆದುಕೊಂಡಳು, ಆದರೆ ಬಾಕಿ 6 ಲಕ್ಷವನ್ನು ಅಢಾವೆ ಪತ್ರದಲ್ಲಿ ಬರೆಯಲು ಮರೆತಳು. ಒಂದು ಬದಿ 986, ಇನ್ನೊಂದು 980. ಅಂಕ ಹೋದದ್ದು ಕೇವಲ ½, ಅವಳಿಗೆ 13½. ಆದರೆ ಆ 6ನ್ನು ಹುಡುಕುತ್ತಾ ಹತ್ತು ನಿಮಿಷ ಕಳೆದರೆ ಐದಾರು ಅಂಕದ ಸಮಯ ಕೈಬಿಟ್ಟಂತೆ. ಹುಡುಕುವುದಾದರೆ ಅದಕ್ಕೊಂದು ಕ್ರಮವಿದೆ: ಪ್ರತಿ ಹೊಂದಾಣಿಕೆಗೂ ಎರಡು ಕಡೆ ಗುರುತು ಬಿದ್ದಿದೆಯೇ ಎಂದು ಒಮ್ಮೆ ನೋಡಬೇಕು. ಸಿಗದಿದ್ದರೆ ವ್ಯತ್ಯಾಸವನ್ನು ಹಾಗೆಯೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಇಲ್ಲದ ಒಂದು ಖಾತೆ ಹುಟ್ಟಿಸಿ ಮೊತ್ತ ಸರಿದೂಗಿಸಿದರೆ ಅಂಕವೇನೂ ಬರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮೋಸದ ಪತ್ರಿಕೆ. ಈ ಅಭ್ಯರ್ಥಿ ಇಡೀ 200 ಲಕ್ಷವನ್ನು ದೀರ್ಘಾವಧಿ ಸಾಲದಲ್ಲಿ ತೋರಿಸಿದ. ಲಾಭಾಂಶಕ್ಕೆಂದು 49.5 ಲಕ್ಷವನ್ನು ಮೀಸಲಿನಿಂದ ತೆಗೆದು ಹೊಣೆಯಾಗಿ ಬರೆದ. ಮೀಸಲು 135.5 ಆಯಿತು, ತೆಗೆದಿಟ್ಟ ಮೊತ್ತ 54.5 ಆಯಿತು. ಕೂಡಿ ನೋಡಿದರೆ 495, 135.5, 200, 95, 6, 54.5 ಸೇರಿ ಸರಿಯಾಗಿ 986. ತಾಳೆಯಾಗಿದೆ, ಸಾಲದ್ದಕ್ಕೆ ಮಾದರಿ ಉತ್ತರದ ಮೊತ್ತವೇ ಬಂದಿದೆ. ಎರಡೂ ತಪ್ಪುಗಳು ಹೊಣೆಯ ಬದಿಯ ಒಳಗೇ ಹಣವನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸಿದವು, ಅದರಿಂದ ಮೊತ್ತ ಕದಲಲಿಲ್ಲ. ಕಂತಿನ 1 ಅಂಕವೂ ಲಾಭಾಂಶದ 1 ಅಂಕವೂ ಹೋಗಿ ಅವನಿಗೆ 12. ಮೂವರಲ್ಲಿ ಕಡಿಮೆ ಅಂಕ ಪಡೆದವನು ಇವನೇ, ತಪ್ಪಾಗಿದೆಯೆಂದು ಗೊತ್ತೇ ಆಗದೆ ಉಳಿಯುವವನೂ ಇವನೇ.

ಒಂದು ತಪ್ಪಿಗೆ ಒಂದೇ ಸಲ ಎಂಬ ನಿಯಮಕ್ಕೆ ಮಿತಿಯಿದೆ. ಅಂಕಿ ಎಲ್ಲಿಂದ ಬಂತೆಂದು ಮೌಲ್ಯಮಾಪಕರಿಗೆ ಕಾಣಬೇಕು. ಬಡ್ಡಿಯ ಸಾಲಿನಲ್ಲಿ ಬರೀ 30 ಎಂದು ಬರೆದಿದ್ದರೆ ಅದು ಏನೆಂದು ಯಾರೂ ಹೇಳಲಾರರು, ಸಿಗುವುದು ಸೊನ್ನೆ. ಅದೇ ಕೆಳಗೆ ವರ್ಕಿಂಗ್ ನೋಟ್‌ನಲ್ಲಿ ‘200ಕ್ಕೆ ಶೇ. 12 = 24, ಬಾಕಿ 6, ಒಟ್ಟು 30’ ಎಂದಿದ್ದರೆ, ವರ್ಷದ ಬಡ್ಡಿ ಸರಿಯಾಗಿ ಬಂದಿದೆ, ಬಾಕಿಯನ್ನು ಎರಡು ಸಲ ಸೇರಿಸಲಾಗಿದೆ ಎಂಬುದು ಸ್ಪಷ್ಟ; ½ ಅಂಕ ಸಲ್ಲುತ್ತದೆ. ವರ್ಕಿಂಗ್ ನೋಟ್‌ಗಳು ಉತ್ತರದ ಭಾಗವಾಗಿರಬೇಕು ಎಂಬ ಸೂಚನೆ ಪ್ರಶ್ನೆಪತ್ರಿಕೆಯ ಮೇಲೆ ಕಾಣಿಸುವುದು ಇದೇ ಕಾರಣಕ್ಕೆ. ಅಂಚಿನಲ್ಲಿ ಗೀಚಿ ಹೊಡೆದುಹಾಕಿದ ಲೆಕ್ಕಕ್ಕೆ ಆ ಬೆಲೆ ಇಲ್ಲ.

ಕನ್ನಡ ಮಾಧ್ಯಮದಲ್ಲಿ ವಾಣಿಜ್ಯ ಓದಿ ಬಂದವರು ನಮೂನೆಯ 1 ಅಂಕದ ಕಡೆ ಹೆಚ್ಚು ಗಮನ ಕೊಡಬೇಕಾಗುತ್ತದೆ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು. ತಾಳೆ ಪಟ್ಟಿ, ಸವಕಳಿ, ಮೀಸಲು ನಿಧಿ ಎಂದು ಕಲಿತದ್ದರ ಅರ್ಥ ಬದಲಾಗುವುದಿಲ್ಲ, ಆದರೆ ಷೆಡ್ಯೂಲ್ ತ್ರೀ ಕೊಟ್ಟ ಶೀರ್ಷಿಕೆಗಳನ್ನು ಅದರದೇ ಮಾತಿನಲ್ಲಿ, ಅದೇ ಕ್ರಮದಲ್ಲಿ ಬರೆಯಬೇಕು. ಹಳೆಯ ಅಭ್ಯಾಸದಂತೆ ಎಡಕ್ಕೆ ಹೊಣೆ, ಬಲಕ್ಕೆ ಆಸ್ತಿ ಎಂದು ಟಿ ಆಕಾರದಲ್ಲಿ ಬರೆದರೆ ಅಂಕಿಗಳೆಲ್ಲ ಸರಿಯಿದ್ದರೂ ಈ ಅಂಕ ಸಿಗುವುದಿಲ್ಲ. ಕಂಪನಿಗೆ ಈಗಿರುವುದು ಮೇಲಿನಿಂದ ಕೆಳಕ್ಕೆ ಹೋಗುವ ನಮೂನೆ ಮಾತ್ರ: ಮೊದಲು ಬಂಡವಾಳ ಮತ್ತು ಹೊಣೆ, ಅದರ ಕೆಳಗೆ ಆಸ್ತಿ. ಪ್ರತಿ ಶೀರ್ಷಿಕೆಯ ಎದುರು ಟಿಪ್ಪಣಿ ಸಂಖ್ಯೆ, ವಿವರಗಳೆಲ್ಲ ಆ ಟಿಪ್ಪಣಿಯಲ್ಲಿ. ಮೊತ್ತಗಳು ಲಕ್ಷದಲ್ಲಿವೆ ಎಂದು ಮೇಲೆ ಬರೆಯುವುದನ್ನೂ ಮರೆಯಬಾರದು.

ಇಂಥ ಪ್ರಶ್ನೆಯನ್ನು ಬಿಡಿಸಿದ ದಿನವೇ ಅಂಕ ಹಾಕುವುದಕ್ಕಿಂತ ಒಂದು ರಾತ್ರಿ ಬಿಟ್ಟು, ಬೇರೆ ಬಣ್ಣದ ಶಾಯಿಯಲ್ಲಿ ಹಾಕುವುದು ಒಳ್ಳೆಯದು. ಬರೆದ ಗಳಿಗೆಯಲ್ಲಿ ಮನಸ್ಸಿನಲ್ಲಿದ್ದದ್ದೂ ಹಾಳೆಯ ಮೇಲಿರುವಂತೆ ತೋರುತ್ತದೆ. ಮರುದಿನ ಹಾಳೆಯ ಮೇಲಿರುವುದಷ್ಟೇ ಕಾಣುತ್ತದೆ. ಪ್ರತಿ ಸಾಲಿನ ಪಕ್ಕ ಸಿಕ್ಕ ಅಂಕವನ್ನೂ ಹೋದ ಅಂಕಕ್ಕೆ ಒಂದು ಮಾತಿನ ಕಾರಣವನ್ನೂ ಬರೆಯಬೇಕು: ತತ್ವ ಗೊತ್ತಿರಲಿಲ್ಲವೇ, ಜಾಗ ತಪ್ಪಿತೇ, ಕೂಡುವಾಗ ತಪ್ಪಿತೇ, ಸಮಯ ಸಾಲಲಿಲ್ಲವೇ. ಮೂರನೆಯ ಅಭ್ಯರ್ಥಿ ತನ್ನ ಹಾಳೆಯ ಮೇಲೆ ‘ಜಾಗ’ ಎಂದು ಒಮ್ಮೆ, ‘ತತ್ವ’ ಎಂದು ಒಮ್ಮೆ ಬರೆದುಕೊಳ್ಳುತ್ತಾನೆ. ಮೊದಲನೆಯದಕ್ಕೆ ಷೆಡ್ಯೂಲ್ ತ್ರೀಯ ಸಾಲಗಳ ಭಾಗವನ್ನು, ಎರಡನೆಯದಕ್ಕೆ ಎ.ಎಸ್. 4 ಅನ್ನು ಮತ್ತೆ ತೆರೆದು ಓದಬೇಕು. ಇಡೀ ಅಧ್ಯಾಯವನ್ನು ಮತ್ತೆ ಓದುವ ಅಗತ್ಯವಿಲ್ಲ.